ಬೆರಳಚ್ಚು ಗುರುತಿಸದ ಫೋನ್, ಲ್ಯಾಪ್‌ಟಾಪ್: ತಪ್ಪು ಬೆರಳಿನದೋ, ದಾಖಲೆಯದೋ, ಸೆನ್ಸರ್‌ನದೋ?

ಬೆರಳಿಟ್ಟ ಕೂಡಲೇ ತೆರೆಯಬೇಕಾದ ಫೋನ್ ಮೂರ್ನಾಲ್ಕು ಸಲ ಗುಯ್ ಎಂದು ಕಂಪಿಸಿ ಪಿನ್ ಕೇಳುತ್ತದೆ. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ, ಇದ್ದ ಬೆರಳಚ್ಚುಗಳನ್ನೆಲ್ಲ ಅಳಿಸಿ ಹೊಸದಾಗಿ ಸೇರಿಸುವುದು. ಕೆಲವೊಮ್ಮೆ ಅದರಿಂದ ಸರಿಹೋಗುತ್ತದೆ. ಆದರೆ ಕೈ ತೇವವಾಗಿರುವಾಗಲೋ ಸೆನ್ಸರ್ ಮೇಲೆ ಜಿಡ್ಡು ಕೂತಿರುವಾಗಲೋ ಹೀಗೆ ಮಾಡಿದರೆ, ಚೆನ್ನಾಗಿದ್ದ ದಾಖಲೆ ಹೋಗಿ ಅದರ ಜಾಗಕ್ಕೆ ಕೆಟ್ಟದ್ದು ಬಂದು ಕೂರುತ್ತದೆ. ಅಲ್ಲಿಂದ ಮುಂದೆ ಕೈ ಒಣಗಿದ್ದಾಗಲೂ ಸಮಸ್ಯೆ ಶುರು. ಆದ್ದರಿಂದ ಇಲ್ಲಿ ಅಳಿಸುವ ಹೆಜ್ಜೆಯನ್ನು ಬೇಕೆಂದೇ ಹಿಂದಕ್ಕೆ ತಳ್ಳಿದೆ. ಮೊದಲು ತಪ್ಪು ಎಲ್ಲಿದೆ ಎಂದು ಎಣಿಸಿ ನೋಡಿ, ಆಮೇಲೆ ಕೈ ಹಾಕುವುದು.

ಇದು ನಿಜವಾಗಿ ದೋಷವೇ?

ಕೆಲವು ಸಂದರ್ಭಗಳಲ್ಲಿ ಸಾಧನ ಬೇಕೆಂದೇ ಬೆರಳನ್ನು ಒಪ್ಪುವುದಿಲ್ಲ. ಫೋನ್ ಅನ್ನು ಆಫ್ ಮಾಡಿ ಆನ್ ಮಾಡಿದ ಮೇಲೆ ಮೊದಲ ಸಲ ಪಿನ್ ಅಥವಾ ಪಾಸ್‌ವರ್ಡ್ ಕೊಡಲೇಬೇಕು. ಆಂಡ್ರಾಯ್ಡ್ ಆಗಲಿ, ಐಫೋನ್ ಆಗಲಿ, ಮ್ಯಾಕ್ ಆಗಲಿ, ಮೂರರಲ್ಲೂ ಹೀಗೆಯೇ. ಆಂಡ್ರಾಯ್ಡ್ ಸಾಮಾನ್ಯವಾಗಿ 72 ಗಂಟೆಗೊಮ್ಮೆಯಾದರೂ ಪಿನ್ ಕೇಳುತ್ತದೆ. ಐಫೋನ್ ಅನ್ನು 48 ಗಂಟೆ ತೆರೆಯದೇ ಬಿಟ್ಟರೆ ಅದೂ ಕೇಳುತ್ತದೆ. ಸಾಲಾಗಿ ಐದು ಸಲ ತಪ್ಪಿದರೆ ಆಂಡ್ರಾಯ್ಡ್ 30 ಸೆಕೆಂಡು ಬೆರಳನ್ನೇ ನೋಡುವುದಿಲ್ಲ. ಐಫೋನ್ ನೇರವಾಗಿ ಪಾಸ್‌ಕೋಡ್ ಕೇಳುತ್ತದೆ. ಆ 30 ಸೆಕೆಂಡಿನಲ್ಲಿ ಬೆರಳನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. 'ಸೆನ್ಸರ್ ಪೂರ್ತಿ ಸತ್ತೇ ಹೋಯಿತು' ಎಂದು ಅನ್ನಿಸುವುದು ಬಹುಪಾಲು ಈ ಹೊತ್ತಿನಲ್ಲೇ. ಒಮ್ಮೆ ಪಿನ್ ಹಾಕಿ ತೆರೆದು, ಲಾಕ್ ಮಾಡಿ, ಮತ್ತೆ ಬೆರಳಿಟ್ಟು ನೋಡಿ.

ನಿಜವಾದ ದೋಷವಾಗಿದ್ದರೆ, ಬೆರಳಿಟ್ಟಾಗ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಮೂರರಲ್ಲಿ ಒಂದು ಆಗುತ್ತದೆ. ಒಂದು, ಬೆರಳಿಟ್ಟರೂ ಕಂಪನವಿಲ್ಲ, ಸಂದೇಶವಿಲ್ಲ, ಏನೂ ಇಲ್ಲ: ಬೆರಳು ಬಂದದ್ದೇ ಸೆನ್ಸರ್‌ಗೆ ಗೊತ್ತಾಗಿಲ್ಲ. ಎರಡು, ಸೆನ್ಸರ್ ಒರೆಸಿ, ಇನ್ನಷ್ಟು ಗಟ್ಟಿಯಾಗಿ ಒತ್ತಿ, ಬೆರಳನ್ನು ಬೇಗ ತೆಗೆದಿರಿ ಎಂಬಂಥ ಸೂಚನೆ ಬರುತ್ತದೆ: ಬೆರಳು ಕಂಡಿದೆ, ಆದರೆ ಸಿಕ್ಕಿದ ಚಿತ್ರ ಹೋಲಿಸಿ ನೋಡಲು ಲಾಯಕ್ಕಿಲ್ಲ. ಮೂರು, ಹೊಂದಿಕೆಯಾಗಲಿಲ್ಲ ಎಂದಷ್ಟೇ ಬರುತ್ತದೆ: ಚಿತ್ರ ಸ್ವಚ್ಛವಾಗಿಯೇ ಸಿಕ್ಕಿದೆ, ಒಳಗಿರುವ ದಾಖಲೆಯೊಂದಿಗೆ ಕೂಡಿಬರುತ್ತಿಲ್ಲ. ಮೊದಲನೆಯದು ಸೆನ್ಸರ್, ಕೇಬಲ್ ಅಥವಾ ಡ್ರೈವರ್ ಕಡೆಗೆ ಬೊಟ್ಟು ಮಾಡುತ್ತದೆ. ಎರಡನೆಯದು ನೀರು, ಕೊಳೆ, ಒಣ ಚರ್ಮದ ಕಡೆಗೆ. ಮೂರನೆಯದು ಬೆರಳನ್ನು ಸೇರಿಸಿದ ರೀತಿಯ ಕಡೆಗೆ. ಎಲ್ಲ ಸಾಧನಗಳೂ ಇಷ್ಟು ಬಿಡಿಸಿ ಹೇಳುವುದಿಲ್ಲ. ಹೇಳದಿದ್ದರೆ ಮುಂದೆ ಬರುವ ಎಣಿಕೆಯೇ ಹೇಳುತ್ತದೆ.

ನಿಮ್ಮದು ಯಾವ ಬಗೆಯ ಸೆನ್ಸರ್

ಇದನ್ನು ತಿಳಿಯದೆ ಮುಂದೆ ಹೋಗಬೇಡಿ. ಒಂದು ಬಗೆಯ ಸೆನ್ಸರ್‌ಗೆ ಕಂಟಕವಾದದ್ದು ಇನ್ನೊಂದಕ್ಕೆ ಲೆಕ್ಕಕ್ಕೇ ಇಲ್ಲ.

ಪವರ್ ಬಟನ್ ಮೇಲೆ, ಫೋನಿನ ಬೆನ್ನ ಮೇಲೆ, ಹೋಮ್ ಬಟನ್ ಮೇಲೆ, ಲ್ಯಾಪ್‌ಟಾಪಿನ ಕೀಬೋರ್ಡ್ ಪಕ್ಕದಲ್ಲಿ, ಹೀಗೆ ಕಣ್ಣಿಗೆ ಕಾಣುವ ಸಣ್ಣ ಜಾಗವಿದ್ದರೆ ಅದು ಬಹುಪಾಲು ಕೆಪ್ಯಾಸಿಟಿವ್ ಸೆನ್ಸರ್. ಚರ್ಮದ ಏರುಗಳು ಅದಕ್ಕೆ ತಾಗಿರುತ್ತವೆ, ತಗ್ಗುಗಳಲ್ಲಿ ಗಾಳಿ ತುಂಬಿರುತ್ತದೆ. ಈ ಎರಡರ ನಡುವಿನ ವಿದ್ಯುತ್ ವ್ಯತ್ಯಾಸವನ್ನು ಸಾವಿರಾರು ಚುಕ್ಕಿಗಳಲ್ಲಿ ಅಳೆದು ಅದು ಚಿತ್ರ ಕಟ್ಟುತ್ತದೆ.

ಸೆನ್ಸರ್ ಪರದೆಯ ಒಳಗಿದ್ದರೆ ಕತ್ತಲ ಕೋಣೆಯಲ್ಲಿ ಬೆರಳಿಟ್ಟು ನೋಡಿ. ಬೆರಳಿನ ಕೆಳಗೆ ಪರದೆ ಜೋರಾಗಿ ಬೆಳಗಿ ಚರ್ಮದ ಅಂಚೇ ಹೊಳೆದರೆ ಅದು ಆಪ್ಟಿಕಲ್. ಪರದೆಯ ಬೆಳಕಿನಲ್ಲಿ ಕೆಳಗಿನಿಂದ ಫೋಟೊ ತೆಗೆಯುತ್ತದೆ. ಅಂಥ ಬೆಳಕಿಲ್ಲದೆಯೇ ತೆರೆದುಕೊಂಡರೆ ಅಲ್ಟ್ರಾಸಾನಿಕ್; ಶಬ್ದದ ಅಲೆಯನ್ನು ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಗೆರೆಗಳನ್ನು ಓದುತ್ತದೆ.

ಹತ್ತು ಸಲದ ಎಣಿಕೆ

'ಯಾವಾಗಲೂ ಗುರುತಿಸುವುದಿಲ್ಲ' ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಒಂದು ಚೀಟಿ ಹಿಡಿದು ಕೂತು, ಒಂದೊಂದು ಸ್ಥಿತಿಯಲ್ಲೂ ಹತ್ತು ಸಲ ಬೆರಳಿಟ್ಟು, ಎಷ್ಟು ಸಲ ತೆರೆಯಿತು ಎಂದು ಬರೆದುಕೊಳ್ಳಿ. ಸಾಲಾಗಿ ಮೂರು ಸಲ ತಪ್ಪಿದರೆ ಪಿನ್ ಹಾಕಿ ತೆರೆದು, ಮತ್ತೆ ಲಾಕ್ ಮಾಡಿ ಮುಂದುವರಿಸಿ. ಇಲ್ಲದಿದ್ದರೆ ಐದನೆಯ ಸಲಕ್ಕೆ ಸಾಧನವೇ ಬಾಗಿಲು ಹಾಕಿಕೊಂಡು ಎಣಿಕೆಯನ್ನು ಕೆಡಿಸುತ್ತದೆ.

ಐದು ಸ್ಥಿತಿಗಳು ಸಾಕು:

1. ಒಣ ಕೈ, ದಿನವೂ ಹಿಡಿಯುವ ಹಾಗೆ ಹಿಡಿದು, ಅದೇ ವೇಗದಲ್ಲಿ.
2. ಒಣ ಕೈ, ಆದರೆ ಸಾಧನವನ್ನು ಮೇಜಿನ ಮೇಲಿಟ್ಟು, ಬೆರಳಿನ ನಡುಭಾಗವನ್ನು ಸೆನ್ಸರ್ ಮೇಲೆ ಸಮನಾಗಿ ಒಂದು ಸೆಕೆಂಡು ಇಟ್ಟು.
3. ಐದಾರು ನಿಮಿಷ ನೀರಿನಲ್ಲಿ ಕೆಲಸ ಮಾಡಿ, ಕೈ ಒರೆಸಿಕೊಂಡ ತಕ್ಷಣ.
4. ಅದಾಗಿ ಇಪ್ಪತ್ತು ನಿಮಿಷದ ಮೇಲೆ.
5. ಆಗಲೇ ಸೇರಿಸಿರುವ ಇನ್ನೊಂದು ಬೆರಳು, ಎರಡನೆಯ ಸ್ಥಿತಿಯ ಹಾಗೆಯೇ.

ಒಂದು ಉದಾಹರಣೆ ಹಿಡಿಯೋಣ. ಪವರ್ ಬಟನ್‌ನಲ್ಲಿ ಸೆನ್ಸರ್ ಇರುವ ಫೋನ್, ಬಲಗೈ ಹೆಬ್ಬೆರಳು. ಎಣಿಕೆ ಹೀಗೆ ಬಂತು ಅನ್ನಿ: ಎಂದಿನ ಹಿಡಿತದಲ್ಲಿ ಹತ್ತಕ್ಕೆ 4, ಮೇಜಿನ ಮೇಲೆ ನಿಧಾನವಾಗಿ 9, ಕೈ ಒರೆಸಿದ ತಕ್ಷಣ 1, ಇಪ್ಪತ್ತು ನಿಮಿಷದ ಮೇಲೆ ಮತ್ತೆ 4, ಎಡಗೈ ತೋರುಬೆರಳು 9.

ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಎಡಗೈ ತೋರುಬೆರಳು 9 ಸಲ ತೆರೆದಿದೆಯೆಂದರೆ ಸೆನ್ಸರ್ ಗಟ್ಟಿಮುಟ್ಟಾಗಿದೆ, ಅದನ್ನು ಸಂಶಯದ ಪಟ್ಟಿಯಿಂದ ತೆಗೆಯಿರಿ. ಹೆಬ್ಬೆರಳೇ ಮೇಜಿನ ಮೇಲೆ 9 ಸಲ ತೆರೆದಿದೆಯೆಂದರೆ ಆ ಬೆರಳಿನ ಗೆರೆಗಳೂ ಸವೆದಿಲ್ಲ. ಉಳಿದದ್ದು ಹಿಡಿತ. ಈ ಹೆಬ್ಬೆರಳನ್ನು ಸೇರಿಸುವಾಗ ಫೋನ್ ಮೇಜಿನ ಮೇಲಿತ್ತು. ದಿನವೂ ಬಳಸುವಾಗ ಬೆರಳು ಓರೆಯಾಗಿ, ಬರೀ ತುದಿಯ ಪಕ್ಕದಿಂದ ತಾಗುತ್ತದೆ. ಆ ಪಕ್ಕದ ಗೆರೆಗಳು ದಾಖಲೆಯಲ್ಲೇ ಇಲ್ಲ. ನೀರಿನದು ಇದರ ಮೇಲೆ ಬಂದು ಕೂತ ಬೇರೆಯೇ ತೊಂದರೆ. ಹೆಬ್ಬೆರಳನ್ನು ಎಂದಿನ ಹಿಡಿತದಲ್ಲೇ ಮತ್ತೆ ಸೇರಿಸಿದರೆ ಒಂದನೆಯ ಸ್ಥಿತಿಯ 4 ಏರಬೇಕು. ಮೂರನೆಯ ಸ್ಥಿತಿಯ 1 ಹೆಚ್ಚೇನೂ ಬದಲಾಗುವುದಿಲ್ಲ, ಬದಲಾಗಬೇಕೆಂದು ಕಾಯುವುದೂ ಬೇಡ.

ಐದನೆಯದೂ ಎರಡನೆಯದೂ ಎರಡೂ ಕಡಿಮೆ ಬಂದಿದ್ದರೆ ಕಥೆ ಬೇರೆ. ಆಗ ಸೆನ್ಸರ್ ಒರೆಸಿ ಮತ್ತೆ ಎಣಿಸಿ. ಆಗಲೂ ಏರದಿದ್ದರೆ ಮನೆಯ ಇನ್ನೊಬ್ಬರ ಬೆರಳನ್ನು ತಾತ್ಕಾಲಿಕವಾಗಿ ಸೇರಿಸಿ ನೋಡಿ. ಅವರದು ಸಲೀಸಾಗಿ ತೆರೆದರೆ ತೊಂದರೆ ನಿಮ್ಮ ಚರ್ಮದ್ದು. ಅವರದೂ ತೆರೆಯದಿದ್ದರೆ ಸೆನ್ಸರ್‌ನದು. ಪರೀಕ್ಷೆ ಮುಗಿದ ಮೇಲೆ ಅವರ ಬೆರಳನ್ನು ಅಳಿಸಲು ಮರೆಯಬೇಡಿ. ಮರೆಯುವವರೇ ಹೆಚ್ಚು.

ಒದ್ದೆ ಬೆರಳು, ನೆನೆದ ಬೆರಳು, ಒಣ ಬೆರಳು

ಬೆರಳ ಮೇಲೆ ನೀರಿರುವುದು ಒಂದು ಸಮಸ್ಯೆ, ಬೆರಳು ನೀರಿನಲ್ಲಿ ನೆನೆದಿರುವುದು ಇನ್ನೊಂದು. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ 'ಒರೆಸಿಕೊಂಡರೂ ಆಗುತ್ತಿಲ್ಲ' ಎಂಬ ದೂರು ಬರುವುದು.

ಮೊದಲನೆಯದರಲ್ಲಿ ನೀರು ಗೆರೆಗಳ ನಡುವಿನ ತಗ್ಗಿಗೆ ಇಳಿದು ಅಲ್ಲಿದ್ದ ಗಾಳಿಯನ್ನು ಓಡಿಸುತ್ತದೆ. ಕೆಪ್ಯಾಸಿಟಿವ್ ಸೆನ್ಸರ್‌ಗೆ ಗಾಳಿಗೂ ಚರ್ಮಕ್ಕೂ ಇರುವ ವ್ಯತ್ಯಾಸವೇ ಬಂಡವಾಳ. ನೀರಿನ ವಿದ್ಯುತ್ ಗುಣ ಗಾಳಿಗಿಂತ ಚರ್ಮಕ್ಕೇ ಹತ್ತಿರ. ಹಾಗಾಗಿ ಏರು ತಗ್ಗು ಎರಡೂ ಒಂದೇ ಬಣ್ಣವಾಗಿ, ಗೆರೆಗಳಿದ್ದ ಜಾಗದಲ್ಲಿ ಮಸಿ ಬಳಿದ ಹಾಗೆ ಒಂದು ಮಚ್ಚೆ ಕಾಣುತ್ತದೆ. ಬೆವರಿದರೂ ಅಷ್ಟೇ, ಕೈಗೆ ಕ್ರೀಮ್ ಹಚ್ಚಿದ ಕೂಡಲೇ ಇಟ್ಟರೂ ಅಷ್ಟೇ. ಇದಕ್ಕೆ ಮದ್ದು ಸರಳ: ಬೆರಳನ್ನೂ ಸೆನ್ಸರನ್ನೂ ಎರಡನ್ನೂ ಒರೆಸಬೇಕು. ಬೆರಳು ಮಾತ್ರ ಒರೆಸಿಕೊಂಡು, ಹಿಂದಿನ ಪ್ರಯತ್ನದಲ್ಲಿ ಸೆನ್ಸರ್ ಮೇಲೆ ಬಿಟ್ಟ ನೀರಿನ ಪದರವನ್ನು ಹಾಗೇ ಬಿಟ್ಟರೆ ಮತ್ತೆ ಒದ್ದೆಯದೇ ಚಿತ್ರ. ಪವರ್ ಬಟನ್ ಸುತ್ತಲಿನ ಸಂದಿಯಲ್ಲಿ ನಿಂತ ಹನಿ ಬೆರಳು ಒತ್ತಿದಾಗಲೆಲ್ಲ ಮೇಲೆ ಬರುತ್ತಿರುತ್ತದೆ. ಬಟ್ಟೆಯ ಅಂಚನ್ನು ಆ ಸಂದಿಯಲ್ಲಿ ಎಳೆದು ತೆಗೆಯಿರಿ.

ಎರಡನೆಯದು ನೆನೆದು ಸುಕ್ಕಾದ ಬೆರಳು. ಪಾತ್ರೆ ತೊಳೆದು, ಬಟ್ಟೆ ಒಗೆದು, ಸ್ನಾನ ಮಾಡಿ ಬಂದ ಮೇಲೆ ತುದಿಗಳಲ್ಲಿ ಕಾಣುವ ಸುಕ್ಕು ಚರ್ಮ ನೀರು ಕುಡಿದು ಉಬ್ಬಿದ್ದರಿಂದಷ್ಟೇ ಬರುವುದಲ್ಲ. ನರಗಳ ಆಜ್ಞೆಯಂತೆ ಬೆರಳ ತುದಿಯ ರಕ್ತನಾಳಗಳು ಕಿರಿದಾಗಿ, ಮೇಲಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಗೆರೆಗಳ ನಡುವಿನ ಅಂತರವೇ ಬದಲಾಗುತ್ತದೆ, ಸುಕ್ಕಿನ ಮಡಿಕೆಗಳು ಗೆರೆಗಳನ್ನು ಅಡ್ಡಡ್ಡ ಕತ್ತರಿಸುತ್ತವೆ. ಎಷ್ಟು ಒರೆಸಿದರೂ ಇದು ಹೋಗುವುದಿಲ್ಲ, ಯಾವ ಬಗೆಯ ಸೆನ್ಸರ್ ಆದರೂ ಇದರ ಮುಂದೆ ತಡವರಿಸುತ್ತದೆ. ಸುಕ್ಕು ಇಳಿಯುವವರೆಗೆ ಹತ್ತಿಪ್ಪತ್ತು ನಿಮಿಷ ಪಿನ್ ಹಾಕಿಕೊಳ್ಳುವುದೇ ದಾರಿ. 'ನೆನೆದ ಬೆರಳನ್ನೇ ಇನ್ನೊಂದು ಬೆರಳೆಂದು ಸೇರಿಸಿಬಿಡಿ' ಎಂಬ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಸುಕ್ಕು ಪ್ರತಿ ಸಲವೂ ಒಂದೇ ರೀತಿ ಬರುವುದಿಲ್ಲವಾದ್ದರಿಂದ ಇದರಿಂದ ಸಿಗುವ ಲಾಭ ಕಡಿಮೆ. ದಿನವಿಡೀ ನೀರಿನಲ್ಲಿ ಕೆಲಸವಿದ್ದವರು ಅದರ ಬದಲು ಕಡಿಮೆ ನೆನೆಯುವ ಬೆರಳನ್ನು, ಉದಾಹರಣೆಗೆ ಪಾತ್ರೆ ಹಿಡಿಯುವ ಕೈಯ ಕಿರುಬೆರಳನ್ನು ಸೇರಿಸಿ ನೋಡಬಹುದು.

ಒಣ ಬೆರಳಿನದು ಇದಕ್ಕೆ ತದ್ವಿರುದ್ಧ. ಚರ್ಮ ಬಿಗಿದು ಗಟ್ಟಿಯಾದಾಗ ಏರುಗಳು ಗಾಜಿಗೆ ಪೂರ್ತಿ ಅಂಟುವುದಿಲ್ಲ, ಗೆರೆ ಚುಕ್ಕಿ ಚುಕ್ಕಿಯಾಗಿ ತುಂಡಾಗಿ ಕಾಣುತ್ತದೆ. ಆಪ್ಟಿಕಲ್ ಸೆನ್ಸರ್ ಇರುವ ಫೋನ್‌ಗಳಲ್ಲಿ ಈ ದೂರು ಹೆಚ್ಚು. ಬೆರಳ ಮೇಲೆ ಒಮ್ಮೆ ಬಾಯಿಂದ ಬಿಸಿಯುಸಿರು ಬಿಟ್ಟು ಇಟ್ಟು ನೋಡಿ. ಅಷ್ಟಕ್ಕೇ ತೆರೆದರೆ ರೋಗ ಸಿಕ್ಕಿತು. ರಾತ್ರಿ ಮಲಗುವಾಗ ಕೈಗೆ ಮಾಯಿಶ್ಚರೈಸರ್ ಹಚ್ಚಿಕೊಳ್ಳುವುದರಿಂದ ಕೆಲವೇ ದಿನಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಹಚ್ಚಿದ ತಕ್ಷಣ ಮಾತ್ರ ಸೆನ್ಸರ್ ಮುಟ್ಟಬೇಡಿ.

ಸಿಮೆಂಟ್, ಸುಣ್ಣ, ಕಟುವಾದ ಸೋಪಿನ ಪುಡಿ, ಇಟ್ಟಿಗೆ, ಮರಳುಕಾಗದ ಇವುಗಳೊಂದಿಗೆ ಕೆಲಸ ಮಾಡುವವರಲ್ಲಿ ಗೆರೆಗಳೇ ಸವೆದಿರುತ್ತವೆ. ಎಕ್ಸಿಮಾದಂಥ ಚರ್ಮರೋಗದಲ್ಲೂ, ಕ್ಯಾಪೆಸೈಟಬೀನ್ ಎಂಬ ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರಲ್ಲೂ ಗೆರೆ ಮಾಸುವುದುಂಟು. ದುಡಿಮೆಯಿಂದ ಸವೆದ ಚರ್ಮ ಕೆಲಸ ನಿಂತ ಮೇಲೆ ವಾರಗಳಲ್ಲಿ ಮತ್ತೆ ಬೆಳೆಯುತ್ತದೆ. ಅಲ್ಲಿಯವರೆಗೆ ಕಡಿಮೆ ದುಡಿಯುವ ಕೈಯ ಉಂಗುರಬೆರಳನ್ನು ಸೇರಿಸಿಕೊಳ್ಳುವುದು ಜಾಣತನ.

ಕೊಳೆ ತೆಗೆಯುವುದು

ಸೆನ್ಸರ್ ಮೇಲಿನ ಕೊಳೆ ಹೆಚ್ಚಾಗಿ ಕಣ್ಣಿಗೆ ಕಾಣುವುದಿಲ್ಲ. ಅದು ನಿಮ್ಮದೇ ಬೆರಳಿನ ಎಣ್ಣೆ, ಸತ್ತ ಚರ್ಮದ ಪುಡಿ. ಹಿಂದೆ ಇಟ್ಟ ಬೆರಳಿನ ಅಚ್ಚು ಗಾಜಿನ ಮೇಲೆ ಉಳಿದು ಹೊಸದರ ಜೊತೆ ಬೆರೆಯುತ್ತದೆ. ಪವರ್ ಬಟನ್ ಒಳಕ್ಕೆ ತಗ್ಗಿರುವ ಸಾಧನಗಳಲ್ಲಿ ಅಂಚಿಗೆ ಜೇಬಿನ ನೂಲುಧೂಳು ಸೇರಿ ಬೆರಳನ್ನು ಕೂದಲೆಳೆಯಷ್ಟು ಮೇಲೆ ಎತ್ತಿ ಹಿಡಿಯುತ್ತದೆ.

ಸಾಧನವನ್ನು ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಮೊದಲು ಒಣ ಮೈಕ್ರೋಫೈಬರ್ ಬಟ್ಟೆಯಿಂದ, ಅಂದರೆ ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ. ಜಿಡ್ಡು ಬಿಡದಿದ್ದರೆ ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಬಟ್ಟೆಯ ಮೂಲೆಗೆ ಹಾಕಿ. ಹಿಂಡಿದರೆ ಹನಿ ಬೀಳದಷ್ಟು ತೇವ ಸಾಕು. ಎಂಟ್ಹತ್ತು ಸಲ ಒಂದೇ ದಿಕ್ಕಿಗೆ ಒರೆಸಿ, ಒಂದೆರಡು ನಿಮಿಷ ಆರಲು ಬಿಟ್ಟು, ಒಣ ಬಟ್ಟೆಯಿಂದ ಮುಗಿಸಿ. ಅಂಚಿನ ಧೂಳಿಗೆ ಮೆತ್ತನೆಯ ಹೊಸ ಹಲ್ಲುಜ್ಜುವ ಬ್ರಷ್ ಅಥವಾ ಮರದ ಹಲ್ಲುಕಡ್ಡಿ ಸರಿ. ಸೂಜಿ, ಬ್ಲೇಡು, ಉಗುರು ಬೇಡ.

ಸೆನ್ಸರ್ ಮೇಲೆ ನೇರವಾಗಿ ಏನನ್ನೂ ಸಿಂಪಡಿಸಬೇಡಿ, ಬಟನ್ ಸಂದಿಯಿಂದ ಒಳಗಿಳಿಯುತ್ತದೆ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್, ಅಮೋನಿಯಾ ಇರುವ ಗಾಜಿನ ಕ್ಲೀನರ್, ಟೂತ್‌ಪೇಸ್ಟ್ ಇವು ಮೇಲಿನ ಲೇಪವನ್ನೇ ಕಿತ್ತುಹಾಕುತ್ತವೆ. ಗೀರು ಹೋಗಲೆಂದು ಟೂತ್‌ಪೇಸ್ಟ್ ಉಜ್ಜುವ ವಿಡಿಯೊಗಳನ್ನು ನಂಬಿ ಕೆಟ್ಟ ಸೆನ್ಸರ್‌ಗಳಿಗೆ ಲೆಕ್ಕವಿಲ್ಲ.

ಪರದೆಯ ಮೇಲಿನ ಗಾಜು

ಸೆನ್ಸರ್ ಪರದೆಯೊಳಗಿದ್ದು, ಸ್ಕ್ರೀನ್ ಗಾರ್ಡ್ ಹಾಕಿಸಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಬೇರೆಲ್ಲೂ ಹುಡುಕಬೇಡಿ. ಅಲ್ಟ್ರಾಸಾನಿಕ್ ಸೆನ್ಸರ್‌ಗೆ ಗಾಜಿನ ದಪ್ಪಕ್ಕಿಂತ ಗಾಜಿನ ಕೆಳಗೆ ಸಿಕ್ಕಿಕೊಂಡ ಗಾಳಿಯೇ ದೊಡ್ಡ ಶತ್ರು. ಶಬ್ದದ ಅಲೆ ಗಾಳಿಯ ಪದರವನ್ನು ದಾಟದೆ ಅಲ್ಲಿಂದಲೇ ಹಿಂದಿರುಗುತ್ತದೆ. ಅಂಚಿಗೆ ಮಾತ್ರ ಅಂಟಿರುವ ಟೆಂಪರ್ಡ್ ಗ್ಲಾಸ್ ಇವಕ್ಕೆ ಆಗಿಬರುವುದಿಲ್ಲ. ಇಡೀ ಮೈ ಅಂಟುವ ತೆಳು ಫಿಲ್ಮ್, ಇಲ್ಲವೇ ಆ ಮಾದರಿಗೆಂದೇ ಮಾಡಿದ ಗಾರ್ಡ್ ಬೇಕು. ಆಪ್ಟಿಕಲ್ ಸೆನ್ಸರ್ ಗಾಜನ್ನು ಇನ್ನಷ್ಟು ಸಹಿಸಿಕೊಳ್ಳುತ್ತದೆ, ಆದರೆ ಮಸುಕು ಮೇಲ್ಮೈಯ ಗಾರ್ಡ್, ಪಕ್ಕದವರಿಗೆ ಕಾಣದಂತೆ ಮಾಡುವ ಪ್ರೈವಸಿ ಗಾರ್ಡ್ ಹಾಕಿದರೆ ತೊದಲುತ್ತದೆ. ನೆತ್ತಿಯ ಬಿಸಿಲು ಬೆರಳಿನ ಅಂಚಿನಿಂದ ಒಳನುಗ್ಗಿದರೂ ತೊದಲುತ್ತದೆ; ಇನ್ನೊಂದು ಕೈಯಿಂದ ನೆರಳು ಮಾಡಿ ನೋಡಿ.

ಗಾರ್ಡ್ ಹಾಕಿದ ಮೇಲೆ, ತೆಗೆದ ಮೇಲೆ, ಬದಲಿಸಿದ ಮೇಲೆ ಬೆರಳುಗಳನ್ನು ಅಳಿಸಿ ಮತ್ತೆ ಸೇರಿಸಬೇಕು. ಇದು ಅನುಕೂಲದ ಮಾತು ಮಾತ್ರವಲ್ಲ. 2019ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್10ರಲ್ಲಿ ಪರದೆಯನ್ನೂ ಮುಚ್ಚುವ ಕೆಲವು ಸಿಲಿಕೋನ್ ಕವರ್‌ಗಳ ಒಳಮೈಯ ಉಬ್ಬುಚಿತ್ರವನ್ನೇ ಸೆನ್ಸರ್ ಬೆರಳಚ್ಚೆಂದು ತಿಳಿದುಕೊಂಡು, ಯಾರ ಬೆರಳಿಗೂ ಫೋನ್ ತೆರೆದುಕೊಳ್ಳುತ್ತಿತ್ತು. ಕಂಪನಿ ತಿದ್ದುಪಡಿ ಕಳಿಸಿ, ಕವರ್ ತೆಗೆದು ಹಳೆಯ ದಾಖಲೆ ಅಳಿಸಿ ಹೊಸದಾಗಿ ಸೇರಿಸಿ ಎಂದು ಹೇಳಬೇಕಾಯಿತು. ಮಧ್ಯೆ ಇರುವ ಪದರವೂ ದಾಖಲೆಯೊಳಗೆ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬೆರಳನ್ನು ಸರಿಯಾಗಿ ಸೇರಿಸುವುದು

ಪವರ್ ಬಟನ್‌ನ ಸೆನ್ಸರ್ ಕೆಲವೇ ಮಿಲಿಮೀಟರ್ ಅಗಲ. ಬೆರಳಿನ ಗೆರೆಗಳು ಸುಮಾರು ಅರ್ಧ ಮಿಲಿಮೀಟರ್‌ಗೊಂದರಂತೆ ಇರುತ್ತವೆ. ಅಂದರೆ ಒಂದು ಸಲಕ್ಕೆ ಅದಕ್ಕೆ ಅಡ್ಡಲಾಗಿ ಕಾಣುವುದು ಬೆರಳೆಣಿಕೆಯಷ್ಟೇ ಗೆರೆಗಳು. ಸೇರಿಸುವಾಗ ಹತ್ತಾರು ಸಲ ಬೆರಳಿಡಿಸಿಕೊಳ್ಳುವುದು ಈ ತುಣುಕುಗಳನ್ನು ಜೋಡಿಸಿ ದೊಡ್ಡ ನಕ್ಷೆ ಮಾಡಿಕೊಳ್ಳಲು. ಬೇಗ ಮುಗಿಯಲಿ ಎಂದು ಹತ್ತೂ ಸಲ ಒಂದೇ ಜಾಗ ಇಟ್ಟರೆ ನಕ್ಷೆಯಲ್ಲಿ ಒಂದೇ ಊರು. ಪರದೆಯ ಮೇಲಿನ ವೃತ್ತ ತುಂಬಿತೆಂದ ಮಾತ್ರಕ್ಕೆ ಬೆರಳು ಪೂರ್ತಿ ದಾಖಲಾಯಿತು ಎಂದೇನೂ ಅಲ್ಲ.

ಶುರುಮಾಡುವ ಮೊದಲು ಎರಡು ಎಚ್ಚರಿಕೆ. ಪಿನ್ ಅಥವಾ ಪಾಸ್‌ವರ್ಡ್ ನಿಜವಾಗಿ ನೆನಪಿದೆಯೇ ಎಂದು ಒಮ್ಮೆ ಹಾಕಿ ನೋಡಿ. ತಿಂಗಳುಗಟ್ಟಲೆ ಬೆರಳಿನಿಂದಲೇ ತೆರೆದವರಿಗೆ ಅದು ಮರೆತಿರುತ್ತದೆ. ಹಾಗೆಯೇ, ಬ್ಯಾಂಕ್ ಆ್ಯಪ್‌ನಂಥವು ಹೊಸ ಬೆರಳು ಸೇರಿದ್ದನ್ನು ಕಂಡ ಕೂಡಲೇ ಬೆರಳಚ್ಚಿನ ಲಾಗಿನ್ ರದ್ದುಮಾಡಿ ಪಾಸ್‌ವರ್ಡ್ ಕೇಳುವುದು ಸಾಮಾನ್ಯ. ಅದು ಸುರಕ್ಷತೆಯ ಏರ್ಪಾಡು, ದೋಷವಲ್ಲ. ಆ ಪಾಸ್‌ವರ್ಡ್‌ಗಳೂ ಕೈಯಲ್ಲಿರಲಿ.

ಕೈ ತೊಳೆದು, ಪೂರ್ತಿ ಒಣಗಿಸಿ, ಕಾಲು ಗಂಟೆ ಬಿಡಿ. ಸೆನ್ಸರ್ ಒರೆಸಿ. ದಿನವೂ ಇರುವ ಕವರ್ ಹಾಕಿಕೊಂಡೇ ಸೇರಿಸಿ, ಏಕೆಂದರೆ ಕವರಿನ ಅಂಚು ಬೆರಳು ಎಲ್ಲಿ ಕೂರಬೇಕೆಂದು ನಿರ್ಧರಿಸುತ್ತದೆ. ಹಳೆಯ ಬೆರಳನ್ನು ಅಳಿಸಿ, ಸಾಧನವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಆಮೇಲೆ ಫೋನ್ ಅನ್ನು ಮೇಜಿನ ಮೇಲಿಡದೆ, ನಿಂತು, ಎಂದಿನ ಹಾಗೆ ಒಂದೇ ಕೈಯಲ್ಲಿ ಹಿಡಿದುಕೊಂಡು ಸೇರಿಸಲು ಶುರುಮಾಡಿ. ಮೊದಲ ಮೂರು ನಾಲ್ಕು ಸಲ ಸಹಜವಾಗಿ ಬೆರಳು ಎಲ್ಲಿ ಬೀಳುತ್ತದೋ ಅಲ್ಲೇ. ಮುಂದಿನ ಕೆಲವು ಸಲ ಸ್ವಲ್ಪ ಮೇಲೆ, ತುದಿಯ ಕಡೆಗೆ. ಆಮೇಲೆ ಸ್ವಲ್ಪ ಕೆಳಗೆ, ಕೀಲಿನ ಕಡೆಗೆ. ಆಮೇಲೆ ಎಡ, ಬಲ, ಒಂದೊಂದು ಸಲ ಒಂದೆರಡು ಮಿಲಿಮೀಟರ್ ಮಾತ್ರ ಸರಿಸುತ್ತ. ಪ್ರತಿ ಸಲವೂ ಬೆರಳನ್ನು ಪೂರ್ತಿ ಎತ್ತಿ ಇಡಿ. ಒತ್ತಿಕೊಂಡೇ ಜಾರಿಸಿದರೆ ಚರ್ಮ ಎಳೆದು ಗೆರೆ ಸೊಟ್ಟಗಾಗುತ್ತದೆ. ಒತ್ತಡವೂ ಎಂದಿನಷ್ಟೇ ಇರಲಿ. ಗಟ್ಟಿಯಾಗಿ ಅದುಮಿದರೆ ಏರುಗಳು ಚಪ್ಪಟೆಯಾಗಿ ತಗ್ಗುಗಳು ಮುಚ್ಚಿಹೋಗುತ್ತವೆ.

ಲ್ಯಾಪ್‌ಟಾಪಿನಲ್ಲಿ ಕೈ ಬರುವ ದಿಕ್ಕೇ ಬೇರೆ. ಕೆಲಸದ ಭಂಗಿಯಲ್ಲೇ ಕೂತು, ಮಣಿಕಟ್ಟು ಎಂದಿನ ಜಾಗದಲ್ಲಿಟ್ಟು ಸೇರಿಸಿ. ತೊಡೆಯ ಮೇಲಿಟ್ಟೂ ಬಳಸುವವರು ಅರ್ಧ ಸಲ ಹಾಗೆ, ಅರ್ಧ ಸಲ ಹೀಗೆ ಮಾಡಬಹುದು.

ಒಂದೇ ಬೆರಳನ್ನು ಎರಡು ಹೆಸರಿನಲ್ಲಿ ಸೇರಿಸುವ ಉಪಾಯವೂ ಉಂಟು. ಒಮ್ಮೆ ನಡುಭಾಗ, ಇನ್ನೊಮ್ಮೆ ಅಂಚು. ಕೆಲವು ಸಾಧನಗಳು ಒಪ್ಪುತ್ತವೆ, ಕೆಲವು ಈ ಬೆರಳು ಆಗಲೇ ಇದೆ ಎಂದು ತಳ್ಳಿಹಾಕುತ್ತವೆ. ಒಪ್ಪಿದರೂ ಅದಕ್ಕೊಂದು ಬೆಲೆಯಿದೆ. ಆ್ಯಪಲ್ ಹೇಳುವ ಪ್ರಕಾರ ಟಚ್ ಐಡಿಯಲ್ಲಿ ಒಂದು ಬೆರಳು ಸೇರಿಸಿದ್ದರೆ ಅಪರಿಚಿತರ ಬೆರಳಿಗೆ ತೆರೆಯುವ ಸಾಧ್ಯತೆ 50,000ಕ್ಕೆ ಒಂದು, ಐದು ಬೆರಳಿದ್ದರೆ 10,000ಕ್ಕೆ ಒಂದು. ಹೆದರಬೇಕಾದ ಸಂಖ್ಯೆಯಲ್ಲ, ಆದರೂ ಸುಮ್ಮನೆ ಜಾಗ ತುಂಬಿಸುವುದು ಬೇಡ. ಪ್ರತಿ ಕೈಯಿಂದ ಒಂದು, ಜೊತೆಗೆ ತೊಂದರೆ ಕೊಡುವ ಬೆರಳಿಗೆ ಇನ್ನೊಂದು ಸಾಕು.

ಮುಗಿದ ಮೇಲೆ ಒಂದನೆಯ ಸ್ಥಿತಿಯನ್ನು ಮತ್ತೆ ಹತ್ತು ಸಲ ಎಣಿಸಿ. 8ಕ್ಕಿಂತ ಕಡಿಮೆ ಬಂದರೆ ಎಲ್ಲಿ ತಪ್ಪುತ್ತಿದೆ ಎಂದು ಕಣ್ಣಿಟ್ಟು ನೋಡಿ, ಆ ಕೋನವನ್ನು ಸೇರಿಸಿ ಇನ್ನೊಮ್ಮೆ ಮಾಡಿ.

ಲ್ಯಾಪ್‌ಟಾಪಿನಲ್ಲಿ ಸಾಫ್ಟ್‌ವೇರ್ ಕಡೆಯ ತೊಂದರೆ

ಲ್ಯಾಪ್‌ಟಾಪ್ ನಿದ್ದೆಯಿಂದೆದ್ದ ಮೇಲೆ ಮಾತ್ರ ಬೆರಳು ಕೆಲಸ ಮಾಡದೆ, ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿದ್ದರೆ ಬೆರಳನ್ನೂ ಕೊಳೆಯನ್ನೂ ಬಿಟ್ಟುಬಿಡಿ. ವಿದ್ಯುತ್ ಉಳಿಸಲು ಮಲಗಿಸಿದ ಸೆನ್ಸರ್ ಮತ್ತೆ ಏಳುತ್ತಿಲ್ಲ. ವಿಂಡೋಸ್‌ನಲ್ಲಿ `Device Manager` ತೆರೆದು, `Biometric devices` ಕೆಳಗಿನ ಸೆನ್ಸರ್‌ನ `Properties`ನಲ್ಲಿ `Power Management` ಇದ್ದರೆ `Allow the computer to turn off this device to save power` ಎಂಬುದರ ಗುರುತು ತೆಗೆಯಿರಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪವರ್‌ಶೆಲ್‌ನಲ್ಲಿ ಇಷ್ಟು ನೋಡಬಹುದು:

```
Get-PnpDevice -Class Biometric
Get-Service WbioSrvc
Restart-Service WbioSrvc
```

ಕೊನೆಯ ಎರಡು ಸಾಲು ಬೆರಳಚ್ಚು ನೋಡಿಕೊಳ್ಳುವ ವಿಂಡೋಸ್ ಸೇವೆ ಓಡುತ್ತಿದೆಯೇ ಎಂದು ತೋರಿಸಿ, ಅದನ್ನು ಮತ್ತೆ ಶುರುಮಾಡುತ್ತವೆ. ಮೊದಲ ಸಾಲು ಸೆನ್ಸರ್ ಕಂಡಿದೆಯೇ ಎಂದು ಹೇಳುತ್ತದೆ. `Status` ಕಂಬದಲ್ಲಿ `OK` ಇರಬೇಕು. `Error` ಇದ್ದರೆ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ನಿಮ್ಮ ಮಾದರಿಯ ಡ್ರೈವರ್ ಹಾಕಿ. ಸೆನ್ಸರ್‌ನ ಹೆಸರೇ ಬರದಿದ್ದರೆ ಬಯೋಸ್‌ನಲ್ಲಿ ಅದನ್ನು ಆಫ್ ಮಾಡಿರಬಹುದು, ಇಲ್ಲವೇ ಒಳಗಿನ ಕೇಬಲ್ ಬಿಟ್ಟಿರಬಹುದು. ಸೆನ್ಸರ್ ಚೆನ್ನಾಗಿದ್ದೂ ದಾಖಲೆ ಕೆಟ್ಟಿದ್ದರೆ `Settings > Accounts > Sign-in options`ನಲ್ಲಿ ಬೆರಳಚ್ಚನ್ನು `Remove` ಮಾಡಿ ಮತ್ತೆ ಸೇರಿಸಿ.

ಲಿನಕ್ಸ್‌ನಲ್ಲಿ ಬೆರಳಚ್ಚು ನೋಡಿಕೊಳ್ಳುವ ಎಫ್‌ಪ್ರಿಂಟ್‌ಡಿ ತಂತ್ರಾಂಶ ಇದ್ದರೆ ಅದೇ ಪರೀಕ್ಷೆಗೆ:

```
fprintd-list $USER
fprintd-delete $USER
fprintd-enroll -f right-index-finger
fprintd-verify
```

ಇವುಗಳಲ್ಲಿ ಎರಡನೆಯದು ಆ ಬಳಕೆದಾರರ ಎಲ್ಲ ಬೆರಳುಗಳನ್ನೂ ಅಳಿಸುತ್ತದೆ. ಕೊನೆಯದು ಹೊಂದಿತೋ ಇಲ್ಲವೋ ಎಂದು ಪ್ರತಿ ಪ್ರಯತ್ನಕ್ಕೂ ಬಿಡಿಸಿ ಹೇಳುವುದರಿಂದ, ಹತ್ತು ಸಲದ ಎಣಿಕೆಗೆ ಲಾಕ್ ಪರದೆಗಿಂತ ಇದೇ ಅನುಕೂಲ.

ಸೆನ್ಸರ್ ನಿಜವಾಗಿ ಕೆಟ್ಟಿದ್ದರೆ

ಕೆಟ್ಟ ಸೆನ್ಸರ್ ಬೆರಳು ನೋಡಿ ಭೇದ ಮಾಡುವುದಿಲ್ಲ. ಎಲ್ಲರ ಎಲ್ಲ ಬೆರಳೂ ಒಂದೇ ಸಮ ತಪ್ಪುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಬೆರಳಚ್ಚಿನ ಆಯ್ಕೆಯೇ ಮಾಯವಾಗಿದ್ದರೆ, ಅಥವಾ ಹೊಸ ಬೆರಳು ಸೇರಿಸಲು ಹೋದರೆ ಮೊದಲ ಸ್ಪರ್ಶಕ್ಕೂ ಅಲುಗಾಡದಿದ್ದರೆ ಸಂಪರ್ಕ ಕಡಿದಿದೆ. ಸಾಧನ ಬಿದ್ದ ಮೇಲೆ, ಬ್ಯಾಟರಿ ಅಥವಾ ಹಿಂಬದಿ ಬದಲಿಸಿದ ಮೇಲೆ ಹೀಗಾಗಿದ್ದರೆ ಸೆನ್ಸರ್‌ನಿಂದ ಬೋರ್ಡಿಗೆ ಹೋಗುವ ಕಾಗದದಂಥ ತೆಳು ಕೇಬಲ್ ಕಿತ್ತಿರುವ ಸಂಭವ ಹೆಚ್ಚು. ಬೆನ್ನ ಮೇಲೆ ಸೆನ್ಸರ್ ಇರುವ ಫೋನ್‌ಗಳ ಹಿಂಬದಿಯನ್ನು ಜೋರಾಗಿ ಎತ್ತಿದರೆ ಮೊದಲು ಹರಿಯುವುದು ಅದೇ.

ಗೀರು ಬಿದ್ದಿದ್ದರೆ ಉಗುರನ್ನು ಅದರ ಮೇಲೆ ಮೆಲ್ಲಗೆ ಎಳೆಯಿರಿ. ಉಗುರು ತಡೆಯದ ಕೂದಲೆಳೆಯ ಗೀರು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಉಗುರು ಸಿಕ್ಕಿಕೊಂಡರೆ ಬೆರಳನ್ನು ಒಮ್ಮೆ ಸೆನ್ಸರ್‌ನ ಮೇಲರ್ಧಕ್ಕೆ, ಒಮ್ಮೆ ಕೆಳಗರ್ಧಕ್ಕೆ ಇಟ್ಟು ಎಣಿಸಿ. ಯಾವ ಬೆರಳಿಟ್ಟರೂ ಒಂದೇ ಅರ್ಧ ಸೋಲುತ್ತಿದ್ದರೆ ಅಲ್ಲಿ ಗಾಜು ಅಥವಾ ಕೆಳಗಿನ ಚಿಪ್ ಹಾಳಾಗಿದೆ. ಒಳ್ಳೆಯ ಅರ್ಧಕ್ಕೇ ಬೆರಳು ಕೂರಿಸಿ ಮತ್ತೆ ಸೇರಿಸಿಕೊಂಡು ಕೆಲವು ದಿನ ನಡೆಸಬಹುದು.

ನೀರಿಗೆ ಬಿದ್ದ ಸಾಧನದಲ್ಲಿ ಸೆನ್ಸರ್ ಒಂದೆರಡು ದಿನ ಕೆಲಸ ಮಾಡಿ ಆಮೇಲೆ ನಿಲ್ಲುವುದುಂಟು. ಕನೆಕ್ಟರ್‌ನಲ್ಲಿ ಉಳಿದ ತೇವ ನಿಧಾನವಾಗಿ ತುಕ್ಕು ಹಿಡಿಸಿರುತ್ತದೆ. ಹೇರ್ ಡ್ರೈಯರ್‌ನ ಬಿಸಿಗಾಳಿಯಾಗಲಿ ಅಕ್ಕಿ ಡಬ್ಬಿಯಾಗಲಿ ಇದಕ್ಕೆ ಮದ್ದಲ್ಲ. ಬಿಚ್ಚಿ ಆಲ್ಕೊಹಾಲ್‌ನಲ್ಲಿ ತೊಳೆಯಬಲ್ಲವರ ಕೈಗೆ ಕೊಡಬೇಕು. ಇನ್ನೊಂದು ಕಾರಣವನ್ನು ಜನ ಗಮನಿಸುವುದೇ ಇಲ್ಲ: ಉಬ್ಬಿದ ಬ್ಯಾಟರಿ. ಬಟನ್ ಓರೆಯಾಗಿದ್ದು, ಹಿಂಬದಿ ಅಥವಾ ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದು, ಅಂಚಿನಲ್ಲಿ ಸಂದಿ ಕಂಡರೆ ಅಲ್ಲಿಗೇ ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಉಬ್ಬನ್ನು ಒತ್ತಿ ಕೂರಿಸಲು ಹೋಗಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಆಗ ಬೆರಳಚ್ಚಿನ ಚಿಂತೆ ಎರಡನೆಯದು.

ರಿಪೇರಿಗೆ ಕೊಡುವ ಮೊದಲು ಒಂದು ವಿಷಯ ಕೇಳಿಕೊಳ್ಳಿ. ಹೋಮ್ ಬಟನ್ ಇರುವ ಐಫೋನ್‌ಗಳಲ್ಲಿ, 2013ರ 5ಎಸ್‌ನಿಂದ ಹಿಡಿದು, ಬೆರಳಚ್ಚಿನ ಸೆನ್ಸರ್ ಅದೇ ಫೋನಿನ ಸುರಕ್ಷಾ ಚಿಪ್ಪಿಗೆ ಜೋಡಿಯಾಗಿರುತ್ತದೆ. ಬೇರೆ ಬಟನ್ ತಂದು ಹಾಕಿದರೆ ಟಚ್ ಐಡಿ ಬರುವುದಿಲ್ಲ. ಪರದೆ ಬದಲಿಸುವವರು ಹಳೆಯ ಬಟನ್ ಅನ್ನೇ ಹರಿಯದಂತೆ ಬಿಡಿಸಿ ಹೊಸ ಪರದೆಗೆ ಕೂರಿಸಬೇಕು. ಹಾಗೆ ಮಾಡುತ್ತೀರಾ ಎಂದು ಮೊದಲೇ ಕೇಳಿ. ಪರದೆಯೊಳಗಿನ ಸೆನ್ಸರ್ ಇರುವ ಫೋನ್‌ಗಳಲ್ಲಿ ಹೊಸ ಪರದೆ ಕೂರಿಸಿದ ಮೇಲೆ ಸೆನ್ಸರ್ ಅನ್ನು ಆ ಗಾಜಿಗೆ ಹೊಂದಿಸುವ ಕ್ಯಾಲಿಬ್ರೇಶನ್ ಬೇಕಾಗುವುದುಂಟು. ಗೂಗಲ್ ಪಿಕ್ಸೆಲ್ 6ರಿಂದೀಚೆಗಿನ ಹಲವು ಫೋನ್‌ಗಳಿಗೆ ಕಂಪನಿಯೇ ಅದರ ತಂತ್ರಾಂಶವನ್ನು ಜಾಲತಾಣದಲ್ಲಿ ಕೊಟ್ಟಿದೆ. ಪರದೆ ಬದಲಿಸಿದ ಮೇಲೆ ಬೆರಳು ಗುರುತಿಸುತ್ತಿಲ್ಲ ಎಂದಾದರೆ ಇನ್ನೊಂದು ಪರದೆಗೆ ಹಣ ಸುರಿಯುವ ಮೊದಲು ಕ್ಯಾಲಿಬ್ರೇಶನ್ ಆಗಿದೆಯೇ ಎಂದು ವಿಚಾರಿಸಿ. ಅಂಗಡಿಯಿಂದ ಹೊರಡುವ ಮುಂಚೆ ಅಲ್ಲೇ ಒಂದು ಬೆರಳು ಸೇರಿಸಿ, ಹತ್ತು ಸಲ ಎಣಿಸಿ ನೋಡಿ.